ಕುಡಿಯುವ ನೀರಿನ ಕ್ಲೋರಿನ್ ಪರೀಕ್ಷೆ: ಗುಲಾಬಿ ಬಣ್ಣ ಏನು ಹೇಳುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ (ಪದೇ ಪದೇ ಕೇಳುವ ಪ್ರಶ್ನೆಗಳು)

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ನೀರುಗಂಟಿಗಳು, ಪಂಚಾಯಿತಿ ಸದಸ್ಯರು, ಕಾಲೇಜು ವಿದ್ಯಾರ್ಥಿಗಳು, ಮನೆಯವರು ಕೇಳುತ್ತಾ ಬಂದ ಪ್ರಶ್ನೆಗಳಿವು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ತೀರಿಕೊಂಡ ಮೇಲೆ ಇಂಥ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡಲೇಬೇಕು ಅನ್ನಿಸಿತು. ಇಲ್ಲಿ ಹೇಳಿರುವುದೆಲ್ಲ ಡಿಪಿಡಿ ಎಂಬ ಪುಡಿ ಅಥವಾ ಮಾತ್ರೆ ಹಾಕಿ, ಗುಲಾಬಿ ಬಣ್ಣ ನೋಡಿ ಅಳೆಯುವ ವಿಧಾನದ ಬಗ್ಗೆ.

## ಮೊದಲು ತಿಳಿದಿರಬೇಕಾದ್ದು

ಮುಕ್ತ ಕ್ಲೋರಿನ್, ಒಟ್ಟು ಕ್ಲೋರಿನ್ ಅಂತ ಎರಡು ಯಾಕೆ? ಕ್ಲೋರಿನ್ ಒಂದೇ ಅಲ್ವಾ?

ನೀರಿಗೆ ಹಾಕುವಾಗ ಒಂದೇ. ನೀರಿನೊಳಗೆ ಹೋದ ಮೇಲೆ ಎರಡಾಗುತ್ತದೆ. ಯಾವುದಕ್ಕೂ ಅಂಟಿಕೊಳ್ಳದೆ ಉಳಿದದ್ದು ಮುಕ್ತ ಕ್ಲೋರಿನ್. ರೋಗಾಣುಗಳನ್ನು ಬೇಗ ಕೊಲ್ಲುವುದು ಇದೇ. ನೀರಿನಲ್ಲಿ ಅಮೋನಿಯಾ ಇದ್ದರೆ ಕ್ಲೋರಿನ್ ಅದರ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ. ಅದನ್ನು ಸಂಯುಕ್ತ ಕ್ಲೋರಿನ್ ಅನ್ನುತ್ತೇವೆ. ಅದಕ್ಕೂ ಕೊಲ್ಲುವ ಶಕ್ತಿ ಇದೆ, ಆದರೆ ಕೆಲಸ ತುಂಬಾ ನಿಧಾನ. ಎರಡೂ ಸೇರಿದರೆ ಒಟ್ಟು ಕ್ಲೋರಿನ್.

ಅಮೋನಿಯಾ ಬರುವುದು ಹೆಚ್ಚಾಗಿ ಮೂತ್ರ, ಚರಂಡಿ ನೀರು, ಗೊಬ್ಬರ, ಕೊಳೆತ ಸೊಪ್ಪು ಸದೆಯಿಂದ. ಹಾಗಾಗಿ ಒಟ್ಟು ಮತ್ತು ಮುಕ್ತದ ನಡುವೆ ಅಂತರ ದೊಡ್ಡದಾಗಿದ್ದರೆ ನೀರಿನೊಳಗೆ ಬೇರೆ ಏನೋ ಸೇರಿದೆ ಎಂದು ಅರ್ಥ. ಬರೀ ಒಂದು ಅಂಕಿ ಬರೆದುಕೊಂಡರೆ ಈ ಸುಳಿವು ಕೈ ತಪ್ಪುತ್ತದೆ.

ನಲ್ಲಿಯಲ್ಲಿ ಎಷ್ಟಿರಬೇಕು?

ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿ ಪ್ರಕಾರ, ಕ್ಲೋರಿನ್ ಹಾಕಿದ ನೀರಿನಲ್ಲಿ ಬಳಕೆದಾರರ ನಲ್ಲಿಯ ಹತ್ತಿರ ಮುಕ್ತ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ವೈರಸ್‌ಗಳಿಂದ ರಕ್ಷಣೆ ಬೇಕಾದಾಗ ಕನಿಷ್ಠ 0.5 ಇರಬೇಕು. ಗಮನಿಸಿ, ಇದು ಮುಕ್ತ ಕ್ಲೋರಿನ್‌ನ ಅಂಕಿ, ಒಟ್ಟಿನದಲ್ಲ. ಟ್ಯಾಂಕಿನ ಕೆಳಗಲ್ಲ, ನಲ್ಲಿಯಲ್ಲಿ. ಊರಿನ ಕೊನೇ ಮನೆಯ ನಲ್ಲಿಯಲ್ಲಿ 0.2 ಬಂದರೆ ಮಾತ್ರ ಊರಿಗೆಲ್ಲ ಸಿಕ್ಕಿದೆ ಅನ್ನಬಹುದು.

ಹಳದಿ ಬಣ್ಣ ಬರುವ ದ್ರಾವಣ ನಮ್ಮ ಪಂಚಾಯಿತಿಯಲ್ಲಿದೆ. ಅದೂ ಇದೂ ಒಂದೇನಾ?

ಅಲ್ಲ. ಅದು ಆರ್ಥೋಟಾಲಿಡಿನ್. ಮುಕ್ತ ಕ್ಲೋರಿನ್ ಜೊತೆ ತಕ್ಷಣ, ಕ್ಲೋರಮೈನ್ ಜೊತೆ ಸ್ವಲ್ಪ ತಡವಾಗಿ ಹಳದಿ ಬಣ್ಣ ಕೊಡುತ್ತದೆ. ಹಾಗಾಗಿ ಎರಡನ್ನೂ ನಂಬಿಕೆಯಿಂದ ಬೇರೆ ಮಾಡಲು ಆಗುವುದಿಲ್ಲ. ಆ ವಸ್ತು ಕ್ಯಾನ್ಸರ್ ತರಬಹುದೆಂಬ ಅನುಮಾನವೂ ಇದೆ. ಕೊಳ್ಳುವ ಅವಕಾಶ ಬಂದಾಗ ಡಿಪಿಡಿಯನ್ನೇ ಕೊಳ್ಳಿ.

## ಪರೀಕ್ಷೆ ಮಾಡುವಾಗ

ಸರಿಯಾದ ಕ್ರಮ ಒಮ್ಮೆ ಪೂರ್ತಿ ಹೇಳಿ.

ನಲ್ಲಿಯನ್ನು ಎರಡು ಮೂರು ನಿಮಿಷ ಬಿಡಿ. ಸಂಪು ಅಥವಾ ಮನೆ ಮೇಲಿನ ಟ್ಯಾಂಕಿನಿಂದ ಬರುವ ನಲ್ಲಿ ಬೇಡ, ಬೀದಿ ಪೈಪಿನಿಂದ ನೇರವಾಗಿ ಬರುವ ನಲ್ಲಿ ಬೇಕು. ಗಾಜಿನ ಕೊಳವೆಯನ್ನು ಅದೇ ನೀರಿನಿಂದ ತೊಳೆದು 10 ಮಿಲಿಲೀಟರ್ ಗೆರೆವರೆಗೆ ತುಂಬಿ. ಮೀಟರ್ ಇದ್ದರೆ, ಏನೂ ಹಾಕದ ಈ ನೀರನ್ನೇ ಇಟ್ಟು ಸೊನ್ನೆ ಮಾಡಿ. ನೀರಿಗೆ ಮೊದಲೇ ಇರುವ ಕಂದು ಛಾಯೆ ಅಥವಾ ಸ್ವಲ್ಪ ಕದಡು ಲೆಕ್ಕದಿಂದ ಹೊರಗೆ ಹೋಗುವುದು ಹೀಗೆ.

ಈಗ ಒಂದನೇ ಮಾತ್ರೆ ಅಥವಾ ಮುಕ್ತ ಕ್ಲೋರಿನ್‌ನ ಪುಡಿ ಹಾಕಿ. ಕವರನ್ನು ಕೊಳವೆಯ ಬಾಯಿಗೆ ಹಿಡಿದೇ ಬೀಳಿಸಿ, ಮಾತ್ರೆಯನ್ನು ಬೆರಳಿನಿಂದ ಮುಟ್ಟಬೇಡಿ. ಬೆವರಿನಲ್ಲಿ ಕ್ಲೋರಿನ್ ಜೊತೆ ಸೇರುವ ಪದಾರ್ಥಗಳಿವೆ. ಮಾತ್ರೆಯನ್ನು ಕಡ್ಡಿಯಿಂದ ಪೂರ್ತಿ ಪುಡಿ ಮಾಡಿ, ಮುಚ್ಚಿ, ಮೆಲ್ಲಗೆ ತಿರುಗಿಸಿ. ಒಂದು ನಿಮಿಷದೊಳಗೆ ಓದಿ. ಇದು ಮುಕ್ತ ಕ್ಲೋರಿನ್.

ಆ ಕೊಳವೆಗೇ ಮೂರನೇ ಮಾತ್ರೆ, ಅಂದರೆ 3 ಎಂಬ ಸಂಖ್ಯೆಯದ್ದು, ಹಾಕಿ. ಅದರಲ್ಲಿ ಪೊಟ್ಯಾಸಿಯಂ ಅಯೋಡೈಡ್ ಇದೆ. ಕ್ಲೋರಮೈನ್ ಈ ಅಯೋಡೈಡ್‌ನಿಂದ ಅಯೋಡಿನ್ ಬಿಡಿಸುತ್ತದೆ, ಅಯೋಡಿನ್ ಹೋಗಿ ಡಿಪಿಡಿಗೆ ಬಣ್ಣ ಕೊಡುತ್ತದೆ. ಎರಡು ನಿಮಿಷ ಕಾದು ಓದಿದರೆ ಒಟ್ಟು ಕ್ಲೋರಿನ್ ಸಿಗುತ್ತದೆ. ಒಟ್ಟಿನಿಂದ ಮುಕ್ತವನ್ನು ಕಳೆದರೆ ಸಂಯುಕ್ತ. ಎರಡನ್ನೂ ಬೇರೆ ಬೇರೆ ಕೊಳವೆಯಲ್ಲಿ ನೋಡುವ ಪುಡಿಗಳೂ ಬರುತ್ತವೆ. ಅಲ್ಲಿ ಕಾಯುವ ಸಮಯ ಪೊಟ್ಟಣದ ಮೇಲೆ ಹೇಳಿದಷ್ಟು, ಸಾಮಾನ್ಯವಾಗಿ ಮೂರು ನಿಮಿಷ.

ಜಗಳೂರಿಂದ ಬಾಟ್ಲಿಯಲ್ಲಿ ನೀರು ತಂದು ದಾವಣಗೆರೆ ಲ್ಯಾಬಿಗೆ ಕೊಟ್ಟೆ. ಕ್ಲೋರಿನ್ ಸೊನ್ನೆ ಅಂದ್ರು.

ಅದು ದಾರಿಯಲ್ಲೇ ಹೋಗಿರುತ್ತದೆ. ಬಿಸಿಲು ಬಿದ್ದರೆ ಮುಕ್ತ ಕ್ಲೋರಿನ್ ಬಹಳ ಬೇಗ ಒಡೆಯುತ್ತದೆ. ಬಾಟಲಿಯ ಒಳಗೋಡೆಯ ಕೊಳೆ ಕೂಡ ಸ್ವಲ್ಪ ತಿನ್ನುತ್ತದೆ. ಈ ಪರೀಕ್ಷೆ ನಲ್ಲಿಯ ಪಕ್ಕದಲ್ಲೇ ನಿಂತು ಮಾಡಬೇಕಾದ್ದು.

ಇನ್ನೊಂದು ಕಾರಣವೂ ಇರಬಹುದು. ಬ್ಯಾಕ್ಟೀರಿಯಾ ಪರೀಕ್ಷೆಗೆಂದು ಲ್ಯಾಬಿನವರು ಕೊಡುವ ಬಾಟಲಿಯಲ್ಲಿ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ಅದರ ಕೆಲಸವೇ ಕ್ಲೋರಿನ್ ಕೊಲ್ಲುವುದು. ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಬ್ಯಾಕ್ಟೀರಿಯಾ ಕೊಲ್ಲುತ್ತಾ ಹೋಗಿ ಲ್ಯಾಬಿನಲ್ಲಿ ಸುಳ್ಳು ಫಲಿತಾಂಶ ಬರುತ್ತದೆ. ಆ ಬಾಟಲಿಯ ನೀರಿನಲ್ಲಿ ಕ್ಲೋರಿನ್ ನೋಡಿದರೆ ಯಾವಾಗಲೂ ಸೊನ್ನೆಯೇ. ಎರಡಕ್ಕೂ ಬೇರೆ ನೀರು ಹಿಡಿಯಿರಿ.

ಬಣ್ಣದ ಪಟ್ಟಿ ಜೊತೆ ಹೋಲಿಸುವಾಗ ನನಗೊಂದು, ನಮ್ಮ ನೀರುಗಂಟಿಗೊಂದು ಕಾಣಿಸುತ್ತದೆ. ಯಾವುದು ಸರಿ?

ಮೊದಲು ಬೆಳಕು ನೋಡಿ. ಹಳದಿ ಬಲ್ಬಿನ ಕೆಳಗೆ ಗುಲಾಬಿ ಬಣ್ಣ ಸರಿಯಾಗಿ ಕಾಣುವುದಿಲ್ಲ. ನೇರ ಬಿಸಿಲಿಗೂ ಹಿಡಿಯಬೇಡಿ. ನೆರಳಲ್ಲಿ ನಿಂತು, ಆಕಾಶದ ಬೆಳಕಿಗೆ, ಬಿಳಿ ಹಿನ್ನೆಲೆ ಇಟ್ಟು ನೋಡಿ. ಗಾಜಿನ ಮೇಲಿನ ಬೆರಳ ಗುರುತು ಒರೆಸಿ, ಗುಳ್ಳೆ ಇದ್ದರೆ ತಟ್ಟಿ ಬಿಡಿಸಿ. ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಹಸಿರು ಬೇರೆ ಗೊತ್ತಾಗುವುದಿಲ್ಲ. ಅಂಥವರಿಗೆ ಮೀಟರೇ ಕೊಡಿ. 0.2 ಮತ್ತು 0.3ರ ನಡುವೆ ಜಗಳ ಬೇಡ. ಪಟ್ಟಿ ಅಷ್ಟು ಸೂಕ್ಷ್ಮವಲ್ಲ.

## ಜಾಸ್ತಿ ಆಗುವ ತಪ್ಪುಗಳು

ಬಣ್ಣ ಇಟ್ಟಷ್ಟೂ ಗಾಢವಾಗುತ್ತಾ ಹೋಗುತ್ತದೆ. ಪೂರ್ತಿ ಬಣ್ಣ ಬರಲಿ ಅಂತ ಐದು ನಿಮಿಷ ಕಾದು ಬರೆಯುತ್ತೇನೆ. ಸರಿ ತಾನೇ?

ಸರಿಯಲ್ಲ. ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಅಪಾಯದ ತಪ್ಪು ಕಡಿಮೆ, ಯಾಕೆಂದರೆ ಕೆಟ್ಟ ನೀರಿಗೆ ಒಳ್ಳೆಯ ಅಂಕಿ ಕೊಡುತ್ತದೆ.

ಮುಕ್ತ ಕ್ಲೋರಿನ್ ಡಿಪಿಡಿ ಜೊತೆ ಕೂಡಲೇ ಬಣ್ಣ ಕೊಟ್ಟು ಮುಗಿಸುತ್ತದೆ. ಆಮೇಲೆ ಏರುವ ಬಣ್ಣ ಅದರದ್ದಲ್ಲ. ಕ್ಲೋರಮೈನ್ ಮೂರನೇ ಮಾತ್ರೆ ಇಲ್ಲದೆಯೂ ನಿಧಾನವಾಗಿ ಡಿಪಿಡಿ ಜೊತೆ ಸೇರುತ್ತಾ ಬರುತ್ತದೆ. ನೀರು ಬೆಚ್ಚಗಿದ್ದಷ್ಟೂ ಬೇಗ. ಏಪ್ರಿಲ್ ಮೇ ತಿಂಗಳಲ್ಲಿ ಚಳ್ಳಕೆರೆ ಕಡೆ ಪೈಪಿನಿಂದ ಬರುವ ನೀರು ಮುಟ್ಟಿದರೇ ಬಿಸಿ ಇರುತ್ತದೆ, ಅಲ್ಲಿ ಈ ಏರಿಕೆ ಎದ್ದು ಕಾಣುತ್ತದೆ. ಒಂದು ನಿಮಿಷದೊಳಗೆ 0.1 ಇದ್ದದ್ದು ಐದು ನಿಮಿಷಕ್ಕೆ 0.4 ಆಯಿತು ಅಂದುಕೊಳ್ಳಿ. ಪುಸ್ತಕದಲ್ಲಿ 0.4 ಬರೆದರೆ ನೀರು ಪಾಸು. ನಿಜವಾಗಿ 0.1 ಮಾತ್ರ, ನೀರು ಫೇಲು.

ಈ ಏರಿಕೆಯನ್ನು ಪರೀಕ್ಷೆಯಾಗಿಯೇ ಬಳಸಿಕೊಳ್ಳಬಹುದು. ಮೊದಲ ನಿಮಿಷದಲ್ಲಿ ಓದಿ ಬರೆದುಕೊಳ್ಳಿ. ಅದೇ ಕೊಳವೆಯನ್ನು ನೆರಳಲ್ಲಿಟ್ಟು ಮತ್ತೆ ಎರಡು ನಿಮಿಷ ಬಿಟ್ಟು ನೋಡಿ. ಕಣ್ಣಿಗೆ ಕಾಣುವಷ್ಟು ಏರಿದ್ದರೆ ನೀರಿನಲ್ಲಿ ಸಂಯುಕ್ತ ಕ್ಲೋರಿನ್ ಇರುವ ಸಾಧ್ಯತೆ ಹೆಚ್ಚು. ಆಗ ಒಟ್ಟು ಕ್ಲೋರಿನ್ ನೋಡದೆ ಬಿಡಬೇಡಿ.

ಒಟ್ಟು ಕ್ಲೋರಿನ್ ನೋಡಿದ ಕೊಳವೆಯನ್ನೇ ಮುಂದಿನ ನಲ್ಲಿಗೆ ಬಳಸಬಹುದಾ? ನೀರಲ್ಲಿ ತೊಳೆಯುತ್ತೇನೆ.

ಸುಮ್ನೆ ಒಮ್ಮೆ ಕುಲುಕಿ ಚೆಲ್ಲಿದರೆ ಸಾಲದು. ಕೊಳವೆಯ ಗೋಡೆಗೆ, ಮುಚ್ಚಳದ ಸುರುಳಿಗೆ ಅಯೋಡೈಡ್ ಅಂಟಿರುತ್ತದೆ. ಅದು ಚಿಟಿಕೆಯ ಅಂಶ ಉಳಿದರೂ ಮುಂದಿನ ನೀರಿನ ಮೋನೋಕ್ಲೋರಮೈನ್ ಎಂಬ ಕ್ಲೋರಮೈನ್ ತಕ್ಷಣ ಬಣ್ಣ ಕೊಟ್ಟು ಮುಕ್ತ ಕ್ಲೋರಿನ್ ಹಾಗೆ ಕಾಣುತ್ತದೆ. ಒಂದು ನಿಮಿಷದೊಳಗೆ ಓದಿದರೂ ಈ ಸುಳ್ಳು ತಪ್ಪುವುದಿಲ್ಲ. ಎರಡು ಕೊಳವೆ ಇಟ್ಟುಕೊಳ್ಳಿ. ಒಂದಕ್ಕೆ "ಮುಕ್ತ", ಇನ್ನೊಂದಕ್ಕೆ "ಒಟ್ಟು" ಎಂದು ಬರೆದ ಅಂಟುಪಟ್ಟಿ ಹಚ್ಚಿ, ಮುಚ್ಚಳ ಅದಲು ಬದಲು ಆಗದಂತೆ ನೋಡಿ. ಹೀಗೆ ಹಲವು ನಲ್ಲಿ ನೋಡುವಾಗ, ಮೇಲಿನ ಕ್ರಮದಂತೆ "ಮುಕ್ತ" ಕೊಳವೆಗೇ ಮೂರನೇ ಮಾತ್ರೆ ಹಾಕಬೇಡಿ. "ಒಟ್ಟು" ಕೊಳವೆಗೆ ಹೊಸ ನೀರು ತುಂಬಿ ಎರಡೂ ಮಾತ್ರೆ ಹಾಕಿ.

ಟ್ಯಾಂಕಿಗೆ ಈಗಷ್ಟೇ ಬ್ಲೀಚಿಂಗ್ ಪೌಡರ್ ಹಾಕಿದ್ದೇನೆ. ಪುಡಿ ಹಾಕಿದ ಕ್ಷಣ ಗುಲಾಬಿ ಮಿಂಚಿ ಮಾಯವಾಯಿತು. ಕ್ಲೋರಿನ್ ಇಲ್ಲ ಅಂತ ಇನ್ನೊಂದಿಷ್ಟು ಹಾಕಲಾ?

ದಯವಿಟ್ಟು ಹಾಕಬೇಡಿ. ಇದು ಕ್ಲೋರಿನ್ ಇಲ್ಲದ ಲಕ್ಷಣವಲ್ಲ, ವಿಪರೀತ ಇರುವ ಲಕ್ಷಣ. ಕ್ಲೋರಿನ್ ಡಿಪಿಡಿಯನ್ನು ಮೊದಲು ಗುಲಾಬಿ ಬಣ್ಣದ ಪದಾರ್ಥ ಮಾಡುತ್ತದೆ. ಕ್ಲೋರಿನ್ ಇನ್ನೂ ಜಾಸ್ತಿ ಉಳಿದಿದ್ದರೆ ಅದನ್ನೂ ಮುಂದೆ ತಳ್ಳಿ ಬಣ್ಣವಿಲ್ಲದ ಪದಾರ್ಥ ಮಾಡಿಬಿಡುತ್ತದೆ. ಪೂರ್ತಿ ಮಾಯವಾದರೆ ಹೇಗೋ ಅನುಮಾನ ಬರುತ್ತದೆ. ಅರ್ಧ ಮಾಯವಾಗಿ 0.6 ತೋರಿಸಿದರೆ ಯಾರಿಗೂ ಅನುಮಾನ ಬರುವುದಿಲ್ಲ, ಅದೇ ಕಷ್ಟ.

ತಿಳಿಯುವ ದಾರಿ ಸುಲಭ. ನೀರನ್ನು ತೆಳು ಮಾಡಿ ನೋಡಿ. ಮೊದಲು ಡಿಸ್ಟಿಲ್ಡ್ ವಾಟರ್ ಅಥವಾ ಕ್ಲೋರಿನ್ ಇಲ್ಲದ ಬೇರೆ ಶುದ್ಧ ನೀರಿಗೆ ಡಿಪಿಡಿ ಹಾಕಿ, ಗುಲಾಬಿ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಅದೇ ನೀರನ್ನು 9 ಮಿಲಿಲೀಟರ್ ಕೊಳವೆಗೆ ಹಾಕಿ, ಪುಡಿ ಕರಗಿಸಿ, ಕೊನೆಗೆ ಟ್ಯಾಂಕಿನ ನೀರು 1 ಮಿಲಿಲೀಟರ್ ಸೇರಿಸಿ. ಸೂಜಿ ಇಲ್ಲದ ಸಿರಿಂಜ್ ಇದಕ್ಕೆ ಸಾಕು. ಡಿಪಿಡಿ ಮೊದಲೇ ಇರುವುದರಿಂದ ಕ್ಲೋರಿನ್‌ಗೆ ಬಣ್ಣ ಅಳಿಸುವ ಅವಕಾಶ ಸಿಗುವುದಿಲ್ಲ. 1.2 ಬಂದರೆ ಹತ್ತರಿಂದ ಗುಣಿಸಿ: ಟ್ಯಾಂಕಿನಲ್ಲಿ ಸುಮಾರು 12 ಇದೆ. ಇದು ಅಂದಾಜು ಅಷ್ಟೇ, ಆದರೆ ಇನ್ನೂ ಪುಡಿ ಸುರಿಯಬೇಕೋ ಬೇಡವೋ ಎಂದು ತೀರ್ಮಾನಿಸಲು ಬೇಕಾದಷ್ಟಾಯಿತು. ಅಂಥ ನೀರನ್ನು ಊರಿಗೆ ಬಿಡಬೇಡಿ, ಹೊಸ ನೀರು ಸೇರಿಸಿ ಇಳಿಸಿ.

ಔಷಧಿ ವಾಸನೆ ಮೂಗಿಗೆ ಹೊಡೆಯುತ್ತದೆ, ಆದ್ರೂ ಮುಕ್ತ ಕ್ಲೋರಿನ್ ಕಮ್ಮಿ ತೋರಿಸುತ್ತದಲ್ಲ?

ಮೂಗಿಗೆ ಹೊಡೆಯುವ ಆ ವಾಸನೆ ಹೆಚ್ಚಿನ ಸಲ ಮುಕ್ತ ಕ್ಲೋರಿನ್‌ದಲ್ಲ, ಡೈಕ್ಲೋರಮೈನ್ ಮತ್ತು ಟ್ರೈಕ್ಲೋರಮೈನ್ ಎಂಬ ಸಂಯುಕ್ತಗಳದು. ವಾಸನೆ ಇದೆ ಅಂತ ನೀರು ಸುರಕ್ಷಿತ ಎಂದುಕೊಳ್ಳಬಾರದು. ಒಟ್ಟು ಕ್ಲೋರಿನ್ ನೋಡಿ, ಅಂತರ ಸಿಗುತ್ತದೆ. (ಹಿಂದಿನ ಪ್ರಶ್ನೆಯ ಹಾಗೆ ಬಣ್ಣ ಅಳಿಸಿಹೋಗಿದೆಯೇ ಎಂದೂ ಒಮ್ಮೆ ತೆಳು ಮಾಡಿ ನೋಡಿ.)

ಪುಡಿ ಹಳೆಯದಾಗಿದೆ. ಇನ್ನೂ ಕೆಲಸ ಮಾಡುತ್ತದಾ ಅಂತ ಹೇಗೆ ತಿಳಿಯುವುದು?

ಕ್ಲೋರಿನ್ ಇಲ್ಲದ ನೀರಿಗೆ ಹಾಕಿದಾಗಲೇ ಗುಲಾಬಿ ಬಂದರೆ ಎಸೆಯಿರಿ. ಕಂದಾಗಿದ್ದರೂ ಎಸೆಯಿರಿ. ದ್ರವ ರೂಪದ ಡಿಪಿಡಿ ಬೇಗ ಕೆಡುತ್ತದೆ, ಫಾಯಿಲ್‌ನಲ್ಲಿರುವ ಮಾತ್ರೆ ಜಾಸ್ತಿ ದಿನ ಬಾಳುತ್ತದೆ.

ಕಾಲೇಜು ಲ್ಯಾಬಿನಲ್ಲಿ ಇನ್ನೂ ಗಟ್ಟಿಯಾಗಿ ನೋಡಬಹುದು. 0.891 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್ ಅನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ ಒಂದು ಲೀಟರ್ ಮಾಡಿ. ಅದರಲ್ಲಿ 10 ಮಿಲಿಲೀಟರ್ ತೆಗೆದು 100 ಮಾಡಿ. ಈ ಎರಡನೆಯದರಲ್ಲಿ 1 ಮಿಲಿಲೀಟರ್ ತೆಗೆದು ಮತ್ತೆ 100 ಮಾಡಿ. ಕೊನೆಯ ದ್ರಾವಣಕ್ಕೆ ಡಿಪಿಡಿ ಹಾಕಿದರೆ ಲೀಟರಿಗೆ 1.0 ಮಿಲಿಗ್ರಾಂ ಕ್ಲೋರಿನ್‌ನಷ್ಟೇ ಬಣ್ಣ ಬರಬೇಕು. ಕೊನೆಯ ದ್ರಾವಣವನ್ನು ಮಾಡಿದ ಕೂಡಲೇ ಬಳಸಿ, ಇಟ್ಟರೆ ಇಳಿಯುತ್ತದೆ.

## ಸ್ವಲ್ಪ ಆಳಕ್ಕೆ

ಟ್ಯಾಂಕಿನಲ್ಲಿ ಸರಿ ಇದೆ, ಕೊನೇ ಬೀದಿಯಲ್ಲಿ ಇಲ್ಲ. ಕ್ಲೋರಿನ್ ಎಲ್ಲಿ ಹೋಯಿತು?

ಎರಡೂ ಕಡೆ ಎರಡೂ ಅಂಕಿ ಇದ್ದರೆ ಇದಕ್ಕೆ ಉತ್ತರ ಸಿಗುತ್ತದೆ. ಒಂದು ಉದಾಹರಣೆ ಬಿಡಿಸಿ ನೋಡೋಣ.

ಹಳೆ ಬಡಾವಣೆ, ದಿನ ಬಿಟ್ಟು ದಿನ ನೀರು. ಟ್ಯಾಂಕಿನ ಹೊರಹರಿವಿನಲ್ಲಿ ಮುಕ್ತ 1.2, ಒಟ್ಟು 1.4. ಅಂದರೆ ಸಂಯುಕ್ತ 0.2. ಕೊನೇ ಬೀದಿಯ ನಲ್ಲಿಯಲ್ಲಿ ಮುಕ್ತ 0.1, ಒಟ್ಟು 1.1. ಸಂಯುಕ್ತ 1.0.

ಇಲ್ಲಿ ಒಟ್ಟು ಇಳಿದದ್ದು ಬರೀ 0.3. ಆದರೆ ಮುಕ್ತ 1.1ರಷ್ಟು ಇಳಿದಿದೆ. ಕ್ಲೋರಿನ್ ಕಾಣೆಯಾಗಿಲ್ಲ, ರೂಪ ಬದಲಿಸಿದೆ. ದಾರಿಯಲ್ಲಿ ಅಮೋನಿಯಾ ಅಥವಾ ಅಂಥದ್ದೇ ಸಾರಜನಕದ ಕೊಳೆ ಸೇರಿಕೊಂಡಿದೆ. ಎಷ್ಟು? ಮೋನೋಕ್ಲೋರಮೈನ್ ಆಗಲು ತೂಕದಲ್ಲಿ ಸುಮಾರು ಐದು ಪಾಲು ಕ್ಲೋರಿನ್‌ಗೆ ಒಂದು ಪಾಲು ಅಮೋನಿಯಾ ಸಾರಜನಕ ಬೇಕು. ಸಂಯುಕ್ತ ಏರಿದ್ದು 0.8. ಐದರಿಂದ ಭಾಗಿಸಿದರೆ 0.16. ಲೀಟರಿಗೆ ಕನಿಷ್ಠ ಅಷ್ಟು ಮಿಲಿಗ್ರಾಂ ಸಾರಜನಕ ಪೈಪಿನೊಳಗೆ ನುಗ್ಗಿದೆ. ನೀರು ಬಿಡದ ದಿನ ಪೈಪು ಖಾಲಿ ಇರುತ್ತದೆ, ಸೋರುವ ಕೀಲಿನ ಪಕ್ಕ ಚರಂಡಿ ಇದ್ದರೆ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಮೊದಲ ಅನುಮಾನ ಅಲ್ಲೇ ಬರಬೇಕು.

ಅದೇ ನಲ್ಲಿಯಲ್ಲಿ ಮುಕ್ತ 0.1, ಒಟ್ಟು 0.3 ಬಂದಿದ್ದರೆ ಕಥೆ ಬೇರೆ. ಎರಡೂ ಸಮನಾಗಿ ಬಿದ್ದಿವೆ. ತುಕ್ಕು ಹಿಡಿದ ಪೈಪು, ಒಳಗೋಡೆಯ ಲೋಳೆ, ನೀರು ಹೆಚ್ಚು ಹೊತ್ತು ನಿಲ್ಲುವುದು, ಇವು ಕ್ಲೋರಿನ್ ತಿಂದಿರಬಹುದು. ಅಲ್ಲೂ ಚರಂಡಿ ಇಲ್ಲ ಎಂದು ಇದೊಂದೇ ಪರೀಕ್ಷೆಯಿಂದ ಹೇಳಲಾಗದು. ಯಾಕೆಂದರೆ ಕೊಳೆಯಲ್ಲಿ ಕ್ಲೋರಿನ್ ತಿಂದು ಮುಗಿಸುವ ಬೇರೆ ಪದಾರ್ಥಗಳೂ ಇರುತ್ತವೆ.

ಮೊದಲ ಕಥೆ ಬಂದಾಗ ಆ ಬೀದಿಯವರಿಗೆ ನೀರು ಕುದಿಸಿ ಕುಡಿಯಲು ಅವತ್ತೇ ಹೇಳಿ. ಆಮೇಲೆ ಟ್ಯಾಂಕಿನಿಂದ ಕೊನೇ ನಲ್ಲಿವರೆಗೆ ಒಂದೊಂದು ತಿರುವಿನಲ್ಲೂ ಎರಡು ಅಂಕಿ ನೋಡುತ್ತಾ ಹೋಗಿ. ಯಾವ ಎರಡು ನಲ್ಲಿಗಳ ನಡುವೆ ಸಂಯುಕ್ತ ಜಿಗಿದಿದೆಯೋ ಅಲ್ಲಿ ಅಗೆಯಿರಿ. ಜೊತೆಗೆ ಬ್ಯಾಕ್ಟೀರಿಯಾ ಪರೀಕ್ಷೆಗೂ ನೀರು ಕಳಿಸಿ.

ಹಾಗಾದ್ರೆ ಟ್ಯಾಂಕಿನಲ್ಲೇ ಕ್ಲೋರಿನ್ ಏರಿಸಿಬಿಟ್ಟರೆ ಸಾಲದಾ?

ಪೈಪಿನಲ್ಲಿ ಚರಂಡಿ ಸೇರುತ್ತಿದ್ದರೆ ಸಾಲದು. ಅದು ಒಂದೊಂದು ದಿನ ಒಂದೊಂದು ಪ್ರಮಾಣದಲ್ಲಿ ಬರುತ್ತದೆ, ಅದನ್ನು ಓಡಿ ಹಿಡಿಯಲು ಆಗುವುದಿಲ್ಲ.

ಮೂಲದ ನೀರಿನಲ್ಲೇ ಅಮೋನಿಯಾ ಇದ್ದರೆ ಮಾತ್ರ ಏರಿಸುವುದಕ್ಕೆ ಅರ್ಥವಿದೆ. ದಾವಣಗೆರೆಯ ಕುಂದುವಾಡ ಕೆರೆಯಂಥ ಕಡೆ ನಾಲೆ ನೀರನ್ನು ತುಂಬಿಸಿ ಇಟ್ಟುಕೊಳ್ಳುತ್ತೇವೆ. ಕೆರೆ ನೀರಿನ ಗುಣ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಕ್ಲೋರಿನ್ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋದರೆ ಮೊದಲು ಒಟ್ಟು ಕ್ಲೋರಿನ್ ಏರುತ್ತದೆ, ಎಲ್ಲವೂ ಸಂಯುಕ್ತ. ಅಮೋನಿಯಾ ಸಾರಜನಕದ ಐದು ಪಟ್ಟು ದಾಟಿದ ಮೇಲೆ ವಿಚಿತ್ರ ನಡೆಯುತ್ತದೆ: ಹಾಕಿದಷ್ಟೂ ಒಟ್ಟು ಕ್ಲೋರಿನ್ ಇಳಿಯುತ್ತದೆ. ಕ್ಲೋರಮೈನ್ ತಾನೇ ಒಡೆದು ಸಾರಜನಕ ಅನಿಲವಾಗಿ ಹೋಗುತ್ತಿರುತ್ತದೆ. ಲೆಕ್ಕದಲ್ಲಿ ಏಳೂವರೆ ಪಟ್ಟು, ಬಳಕೆಯಲ್ಲಿ ಸುಮಾರು ಹತ್ತು ಪಟ್ಟು ಆದಾಗ ತಳ ಮುಟ್ಟುತ್ತದೆ. ಅಲ್ಲಿಂದ ಮೇಲೆ ಹಾಕಿದ್ದು ಮುಕ್ತ ಕ್ಲೋರಿನ್ ಆಗಿ ಉಳಿಯುತ್ತದೆ. ಇಳಿಯುವ ಹಂತದಲ್ಲಿ ಪರೀಕ್ಷೆ ಕೆಟ್ಟಿದೆ ಎಂದುಕೊಂಡು ಕಿಟ್ ಬದಲಿಸುವವರಿದ್ದಾರೆ. ಕಿಟ್ ಸರಿಯಾಗೇ ಇರುತ್ತದೆ.

ನಮ್ಮದು ಬೋರ್‌ವೆಲ್ ನೀರು. ಕ್ಲೋರಿನ್ ಹಾಕಿ ಎರಡು ದಿನ ಆದ್ರೂ ಗುಲಾಬಿ ಬರ್ತಾನೇ ಇದೆ.

ಮ್ಯಾಂಗನೀಸ್ ಇರಬಹುದು. ಕೊಳವೆಬಾವಿಯ ನೀರಿನಲ್ಲಿ ಕರಗಿದ ಮ್ಯಾಂಗನೀಸ್‌ಗೆ ಕ್ಲೋರಿನ್ ತಗುಲಿದಾಗ ಅದು ಕಂದು ಕಪ್ಪು ರೂಪಕ್ಕೆ ತಿರುಗುತ್ತದೆ. ಆ ರೂಪ ಡಿಪಿಡಿಗೆ ಕ್ಲೋರಿನ್ ಹಾಗೆಯೇ ಬಣ್ಣ ಕೊಡುತ್ತದೆ. ಟ್ಯಾಂಕಿನ ತಳದಲ್ಲಿ ಕಪ್ಪು ಪುಡಿ, ಬಕೆಟ್ಟಿಗೆ ಕಪ್ಪು ಕಲೆ ಇದ್ದರೆ ಅನುಮಾನ ಬಲವಾಗುತ್ತದೆ. ಲ್ಯಾಬಿನಲ್ಲಿ ಆರ್ಸೆನೈಟ್ ಹಾಕಿ ಕ್ಲೋರಿನ್ ಕೊಂದು, ಉಳಿದ ಬಣ್ಣವನ್ನು ಅಳೆದು ಕಳೆಯುತ್ತಾರೆ. ಆರ್ಸೆನೈಟ್ ವಿಷ, ಆ ಕೆಲಸ ಲ್ಯಾಬಿನವರಿಗೇ ಬಿಡಿ.

ಚಿತ್ರದುರ್ಗ ಕಡೆಯ ಗಡಸು ನೀರಿನಲ್ಲಿ ಇನ್ನೊಂದು ತೊಂದರೆ: ಮಾತ್ರೆ ಹಾಕಿದ ಮೇಲೆ ಕೊಳವೆ ಮಬ್ಬಾಗುತ್ತದೆ, ಮೀಟರ್ ಆ ಮಬ್ಬನ್ನೂ ಬಣ್ಣವೆಂದು ಓದುತ್ತದೆ. ಗಡಸು ನೀರಿಗೆಂದೇ ಮಾಡಿದ ಡಿಪಿಡಿ ಮಾತ್ರೆ ಸಿಗುತ್ತದೆ, ಅದನ್ನು ತರಿಸಿ. ಫ್ಲೋರೈಡ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದು ಈ ಪರೀಕ್ಷೆಗೆ ಅಡ್ಡ ಬರುವುದಿಲ್ಲ.

0.2 ಬಂದರೆ ಎಲ್ಲ ನೀರಿಗೂ ಒಂದೇ ರಕ್ಷಣೆನಾ?

ಇಲ್ಲ. ಮುಕ್ತ ಕ್ಲೋರಿನ್‌ನಲ್ಲೂ ಎರಡು ರೂಪ ಇವೆ, ಹೈಪೋಕ್ಲೋರಸ್ ಆಮ್ಲ ಮತ್ತು ಹೈಪೋಕ್ಲೋರೈಟ್. ಚುರುಕು ಮೊದಲನೆಯದು. ಪಿಎಚ್ 7.5ರ ಆಸುಪಾಸಿನಲ್ಲಿ ಎರಡೂ ಅರ್ಧ ಅರ್ಧ. ಪಿಎಚ್ 8ಕ್ಕೆ ಏರಿದರೆ ಚುರುಕಾದದ್ದು ಸುಮಾರು ಕಾಲು ಭಾಗ ಮಾತ್ರ. ಡಿಪಿಡಿ ಇವೆರಡನ್ನೂ ಒಟ್ಟಿಗೇ ಅಳೆಯುತ್ತದೆ, ಬೇರೆ ಮಾಡುವುದಿಲ್ಲ. ಹಾಗಾಗಿ ಪಿಎಚ್ ಜಾಸ್ತಿ ಇರುವ ಬೋರ್‌ವೆಲ್ ನೀರಿನಲ್ಲಿ 0.2ಕ್ಕೇ ನಿಲ್ಲಿಸದೆ, 0.5ರ ಹತ್ತಿರ ಇಟ್ಟುಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ರಿಜಿಸ್ಟರ್‌ನಲ್ಲಿ ಏನೇನು ಬರೆಯಬೇಕು?

ಯಾವ ನಲ್ಲಿ, ನೀರು ಬಿಟ್ಟು ಎಷ್ಟು ಹೊತ್ತಿಗೆ ಹಿಡಿದದ್ದು, ಮುಕ್ತ, ಒಟ್ಟು, ಮತ್ತು ಮುಕ್ತವನ್ನು ಎಷ್ಟು ಸೆಕೆಂಡಿಗೆ ಓದಿದ್ದು. ತೆಳು ಮಾಡಿದ್ದರೆ ಅದನ್ನೂ ಬರೆಯಿರಿ. ಬಣ್ಣ ಬಾರದಿದ್ದರೆ "ಇಲ್ಲ" ಎಂದು ಬರೆಯುವ ಮೊದಲು ಒಮ್ಮೆ ತೆಳು ಮಾಡಿ ನೋಡಿ. ಕ್ಲೋರಿನ್ ಇರುವುದು ಖಚಿತವಾಗಿ ಗೊತ್ತಿರುವ ನೀರಿನಲ್ಲಿ ಅದೇ ಪುಡಿ ಬಣ್ಣ ಕೊಡುತ್ತದೆಯೇ ಎಂದೂ ನೋಡಿ. ಎರಡೂ ನೋಡಿದ ಮೇಲೆ ಬರೆದ ಸೊನ್ನೆಯನ್ನು ಇಟ್ಟುಕೊಂಡು ಎಂಜಿನಿಯರ್ ಮುಂದೆ ಗಟ್ಟಿಯಾಗಿ ಮಾತಾಡಬಹುದು.